ಎಲ್ಲದಕ್ಕೂ 30 ಪರ್ಸೆಂಟ್ ಲೆಕ್ಕ ಹಾಕಿ ರೇಟು ಬದಲಾಯಿಸಿದೆ, ಗಲ್ಲಾದಲ್ಲಿ ದುಡ್ಡು ಕಮ್ಮಿ ಆಯ್ತು. ಎಲ್ಲಿ ತಪ್ಪಿದೆ?

ಆಗುಂಬೆ ರಸ್ತೆ ಹೋಟೆಲ್

ನಮಸ್ಕಾರ ಎಲ್ಲರಿಗೂ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲ್. 32 ಜನ ಕೂರಬಹುದು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ವೆಜ್ ಊಟ ಮತ್ತು ಕಡುಬು–ಕೋಳಿ ಸಾರು, ಕಾಫಿ ಇಡೀ ದಿನ. ಇನ್ನೂ ಒಂದಿಷ್ಟು ತಿಂಡಿ ಇದೆ, ಆದರೆ ವ್ಯಾಪಾರ ಆಗುವುದು ಈ ನಾಲ್ಕರಿಂದಲೇ.

ಯುಗಾದಿ ಸಮಯದಲ್ಲಿ ಅಕ್ಕನ ಮಗ ಊರಿಗೆ ಬಂದಿದ್ದ. ಬಿ.ಕಾಂ. ಓದಿದವನು. ನಮ್ಮ ಲೆಕ್ಕದ ಪುಸ್ತಕ ನೋಡಿ, 'ಮಾವ, ನಿಮ್ಮ ಫುಡ್ ಕಾಸ್ಟ್ 38 ಪರ್ಸೆಂಟ್ ಇದೆ, 30 ಇರಬೇಕು' ಅಂದ. ಸಾಮಾನಿನ ಖರ್ಚನ್ನು ಮಾರುವ ಬೆಲೆಯಿಂದ ಭಾಗಿಸಿ ಒಂದೊಂದಕ್ಕೂ ಎಷ್ಟು ಬರುತ್ತದೆ ಅಂತ ತೋರಿಸಿದ. ಕಾಫಿಗೆ 7 ರೂಪಾಯಿ ಖರ್ಚು, 15ಕ್ಕೆ ಕೊಡುತ್ತಿದ್ದೆವು. ನೀರುದೋಸೆಗೆ 11 ಖರ್ಚು, ಬೆಲೆ 50. ಊಟಕ್ಕೆ 38 ಖರ್ಚು, ಬೆಲೆ 100. ಕಡುಬು–ಕೋಳಿಗೆ 76 ಖರ್ಚು, ಬೆಲೆ 180. ಎಲ್ಲವನ್ನೂ 30 ಪರ್ಸೆಂಟಿಗೆ ತಂದು ಹೊಸ ಬೋರ್ಡ್ ಬರೆಸಿದೆವು. ಕಾಫಿ 25, ಊಟ 130, ಕಡುಬು–ಕೋಳಿ 250. ನೀರುದೋಸೆ ಮಾತ್ರ ಇಳಿಸಿ 40 ಮಾಡಿದೆವು, ಲೆಕ್ಕ ಹಾಗೇ ಹೇಳಿತು.

ಈಗ ಫುಡ್ ಕಾಸ್ಟ್ ನಿಜವಾಗಿಯೂ 29ಕ್ಕೆ ಬಂದಿದೆ. ಆದರೆ ಕೈಯಲ್ಲಿ ಉಳಿಯುವ ದುಡ್ಡು ಮೊದಲಿಗಿಂತ ಕಮ್ಮಿ. ಮೊದಲು ದಿನಕ್ಕೆ 120 ಕಾಫಿ ಹೋಗುತ್ತಿತ್ತು, ಈಗ 70. ಊಟ 45 ಇದ್ದದ್ದು 28. ಕಡುಬು 30 ಇದ್ದದ್ದು 17. ನೀರುದೋಸೆ 10 ರೂಪಾಯಿ ಇಳಿಸಿದರೂ 50ರಿಂದ 52 ಆಯ್ತು ಅಷ್ಟೇ. ರುಚಿ ಬದಲಾಗಿಲ್ಲ, ಅಡುಗೆಯವರು ಅದೇ ಜನ. ದಯವಿಟ್ಟು ತಿಳಿದವರು ಹೇಳಿ.

ಗೋಪಿ ಸರ್ಕಲ್ ಗಿರಾಕಿ

ನನಗೆ ಲೆಕ್ಕ ಗೊತ್ತಿಲ್ಲ ಅಣ್ಣ, ಗಿರಾಕಿಯಾಗಿ ಹೇಳುತ್ತೇನೆ. ರಸ್ತೆ ಪಕ್ಕದ ಹೋಟೆಲಲ್ಲಿ ಕಾಫಿ 25 ಅಂತ ಬೋರ್ಡ್ ನೋಡಿದರೆ ನಾನು ಬೇರೆ ಏನನ್ನೂ ಓದುವುದಿಲ್ಲ. ಇದು ದುಬಾರಿ ಹೋಟೆಲ್ ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತೆ. ನೀರುದೋಸೆ 40 ಅಂತ ಅದರ ಕೆಳಗೇ ಬರೆದಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಾಫಿ 15 ಮಾಡಿ, ಎಲ್ಲಾ ಸರಿ ಹೋಗುತ್ತೆ.

ಹೊಸನಗರ ಹೋಮ್‌ಸ್ಟೇ

ನಮ್ಮಲ್ಲೂ ಇದೇ ತೊಂದರೆ. ನಾವು ತಲೆಗೆ ಇಷ್ಟು ಅಂತ ಊಟ, ತಿಂಡಿ, ರೂಮು ಎಲ್ಲಾ ಸೇರಿಸಿ ತೆಗೆದುಕೊಳ್ಳುತ್ತೇವೆ. ಕೋಳಿ ರೇಟು ಏರಿದಾಗ ಪೂರ್ತಿ ಹೊರೆ ನಮ್ಮ ಮೇಲೆ. ನೀವೂ ಊಟಕ್ಕೆ ಬಿಡಿ ಬಿಡಿ ರೇಟು ಬಿಟ್ಟು ಒಂದೇ ರೇಟು ಮಾಡಿ ನೋಡಿ. ಹೊಟ್ಟೆ ತುಂಬಾ ಊಟ 200 ಅಂತ. ಯಾರು ಎಷ್ಟು ತಿಂದರೂ ಸರಾಸರಿ ಆಗಿಬಿಡುತ್ತೆ.

ಆಗುಂಬೆ ರಸ್ತೆ ಹೋಟೆಲ್

ಸರ್, ನಿಮ್ಮ ಅತಿಥಿಗಳು ಬುಕ್ ಮಾಡಿ ಬರುವವರು. ನಮ್ಮಲ್ಲಿ ಆಟೋದವರು, ಬಸ್ಸಿಗೆ ಕಾಯುವವರು, ತೋಟದ ಕೆಲಸದವರು ಜಾಸ್ತಿ. ಒಂದು ಕಾಫಿ ಕುಡಿಯಲು ಬಂದವರಿಗೆ 200ರ ಊಟ ಅಂತ ಹೇಳಲು ಆಗಲ್ಲ. ಶನಿವಾರ ಭಾನುವಾರ ಮಾತ್ರ ಆಗುಂಬೆ ನೋಡಲು ಬರುವ ಕಾರಿನವರು ಇರುತ್ತಾರೆ.

ಬಿ.ಎಚ್. ರಸ್ತೆ ಅಡುಗೆಮನೆ

ನಾನೂ ನಮ್ಮ ಯಜಮಾನರೂ ಶಿವಮೊಗ್ಗದಲ್ಲಿ 22 ವರ್ಷದಿಂದ ಮೆಸ್ ನಡೆಸುತ್ತಿದ್ದೇವೆ. ನೀವು ಅಂಕಿ ಪೂರ್ತಿ ಕೊಟ್ಟಿದ್ದೀರಿ, ಅದಕ್ಕೇ ಸರಿಯಾಗಿ ಕೂತು ಲೆಕ್ಕ ಹಾಕಿದೆ.

ಪರ್ಸೆಂಟ್ ಪಕ್ಕಕ್ಕಿಡಿ. ಒಂದೊಂದರಲ್ಲಿ ಸಾಮಾನಿನ ಖರ್ಚು ಕಳೆದು ಎಷ್ಟು ರೂಪಾಯಿ ಉಳಿಯುತ್ತಿತ್ತು ಅಂತ ನೋಡಿ. ಹಳೇ ರೇಟಲ್ಲಿ ಕಾಫಿಗೆ 8, ನೀರುದೋಸೆಗೆ 39, ಊಟಕ್ಕೆ 62, ಕಡುಬು–ಕೋಳಿಗೆ 104. ದಿನಕ್ಕೆ ಹೋಗುತ್ತಿದ್ದ ಸಂಖ್ಯೆಗೆ ಗುಣಿಸಿದರೆ ಒಟ್ಟು 8,820 ರೂಪಾಯಿ. ಹೊಸ ರೇಟಲ್ಲಿ ದೋಸೆ ಬಿಟ್ಟು ಉಳಿದ ಮೂರರಲ್ಲಿ ಒಂದೊಂದರ ಮೇಲೆ ಉಳಿಯುವುದು ಹೆಚ್ಚಾಗಿದೆ, ಆದರೆ ಅವು ಹೋಗುವುದು ಕಮ್ಮಿಯಾಗಿ ಒಟ್ಟು 8,302. ದಿನಕ್ಕೆ 518 ಹೋಯ್ತು. ಬಾಡಿಗೆ, ಹುಡುಗರ ಸಂಬಳ, ಗ್ಯಾಸು ಎಲ್ಲಾ ಕೊಡುವುದು ಈ ಉಳಿದ ರೂಪಾಯಿಯಿಂದ. ಫುಡ್ ಕಾಸ್ಟ್ 38 ಇದ್ದಾಗಲೇ ನಿಮ್ಮ ಕೈ ತುಂಬಿತ್ತು, 29ಕ್ಕೆ ಇಳಿದಾಗ ಖಾಲಿ ಆಯ್ತು.

ನಿಮ್ಮ ಅಳಿಯನ ಲೆಕ್ಕದಲ್ಲಿ ನೀರುದೋಸೆ 22 ಪರ್ಸೆಂಟ್, ಹಾಗಾಗಿ ಅದು ಒಳ್ಳೆಯದು. ಕಡುಬು–ಕೋಳಿ 42, ಹಾಗಾಗಿ ಕೆಟ್ಟದ್ದು. ಆದರೆ ಮಧ್ಯಾಹ್ನ ಒಂದು ಟೇಬಲ್ಲಿಗೆ ಕೂತವರು ಯಾವುದನ್ನು ತಿಂದರೆ ನಿಮಗೆ ಒಳ್ಳೆಯದು? 39 ರೂಪಾಯಿ ಉಳಿಸುವುದನ್ನೋ, 104 ಉಳಿಸುವುದನ್ನೋ? 30 ಅನ್ನುವುದು ಇಡೀ ತಿಂಗಳ ಅಂದಾಜಿಗೆ ಇಟ್ಟುಕೊಳ್ಳುವ ಅಳತೆ. ಅದನ್ನು ತಟ್ಟೆ ತಟ್ಟೆಗೂ ಹಿಡಿದರೆ ಕೋಳಿ, ಮೀನಿನಂಥ ದುಬಾರಿ ಸಾಮಾನಿನ ಅಡುಗೆ ವಿಪರೀತ ಏರುತ್ತೆ, ಅಕ್ಕಿ ಹಿಟ್ಟಿನದು ಸುಮ್ನೆ ಇಳಿಯುತ್ತೆ. ನಿಮ್ಮಲ್ಲಿ ಆಗಿರುವುದು ಅದೇ. ದೋಸೆಗೆ 50 ಕೊಡಲು ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ, ಆ 10 ರೂಪಾಯಿ ನೀವಾಗೇ ಬಿಟ್ಟುಕೊಟ್ಟಿರಿ.

ಒಂದು ಕೇಳಬೇಕು. ಕಡುಬು–ಕೋಳಿಯ 76 ಹೇಗೆ ಬಂತು? ಜೀವಂತ ಕೋಳಿ ರೇಟಿಗೆ ಹಾಕಿದ್ದೋ, ಮಾಂಸದ ರೇಟಿಗೋ? ಎರಡನೇ ಸಲ ಸಾರು ಬಡಿಸುತ್ತೀರಲ್ಲ, ಅದು ಸೇರಿದೆಯಾ?

ಲೆಕ್ಕ ಹಾಕಿದ ಅಳಿಯ

ಅಕ್ಕ, ಆ ಅಳಿಯ ನಾನೇ. 76 ಸರಿ ಇದೆ, ತಕ್ಕಡಿ ಇಟ್ಟು ತೂಗಿ ಬರೆದದ್ದು. ಮಾವ ಮೊದಲು ಜೀವಂತ ಕೋಳಿ ಕೆಜಿಗೆ 140 ಅಂತ ಹಿಡಿದು ಪ್ಲೇಟಿನ 150 ಗ್ರಾಮಿಗೆ 21 ರೂಪಾಯಿ ಅನ್ನುತ್ತಿದ್ದರು. ನಾನು 10 ಕೆಜಿ ಕೋಳಿ ತರಿಸಿ, ಚರ್ಮ ತೆಗೆದು ಸ್ವಚ್ಛ ಮಾಡಿದ ಮೇಲೆ ತೂಗಿಸಿದೆ. ಆರೂವರೆ ಕೆಜಿ ಬಂತು. ಅಂದರೆ ಮಾಂಸ ಕೆಜಿಗೆ 215 ಬೀಳುತ್ತೆ, ಪ್ಲೇಟಿಗೆ 32. ತೆಂಗಿನಕಾಯಿ 10, ಕಡುಬಿನ ಅಕ್ಕಿ ತರಿ 7, ಈರುಳ್ಳಿ–ಮಸಾಲೆ–ಎಣ್ಣೆ 16, ನಿಂಬೆ–ಉಪ್ಪಿನಕಾಯಿ 4. ಎರಡನೇ ಸಲದ ಸಾರಿಗೆ 7 ಸೇರಿಸಿದ್ದೇನೆ. ಅದನ್ನು ಕಂಡುಹಿಡಿಯಲು ಎರಡು ದಿನ ಪಾತ್ರೆಯಲ್ಲಿ ಎಷ್ಟು ಸಾರು ಖಾಲಿ ಆಯ್ತು, ಎಷ್ಟು ಪ್ಲೇಟು ಹೋಯ್ತು ಅಂತ ನೋಡಿದೆ.

ಖರ್ಚು ತೆಗೆದದ್ದು ಸರಿ. ಅದರ ಮೇಲೆ ಎಲ್ಲದಕ್ಕೂ ಒಂದೇ ಗುಣಾಕಾರ ಹಾಕಿದ್ದು ತಪ್ಪು ಅಂತ ಈಗ ಗೊತ್ತಾಗುತ್ತಿದೆ. ಆದರೂ 38 ಹೆಚ್ಚೇ ಅಲ್ವಾ? ತೆಂಗಿನಕಾಯಿ ಇನ್ನೂ ಏರಿದರೆ ಏನು ಮಾಡುವುದು?

ಬಿ.ಎಚ್. ರಸ್ತೆ ಅಡುಗೆಮನೆ

ಚೆನ್ನಾಗಿ ಮಾಡಿದ್ದೀಯಪ್ಪ. ನಮ್ಮ ಕಡೆ ಎಷ್ಟೋ ಹೋಟೆಲಲ್ಲಿ ಈ ತೂಕವೇ ನಡೆಯುವುದಿಲ್ಲ.

ಇನ್ನೊಂದು ಕೆಲಸ ಉಳಿದಿದೆ. ಪ್ಲೇಟು ಲೆಕ್ಕ ಪುಸ್ತಕದ್ದು, ಅಡುಗೆಮನೆಯದು ಬೇರೆ ಇರುತ್ತೆ. ಸೋಮವಾರ ಬೆಳಿಗ್ಗೆ ಇರುವ ಸಾಮಾನಿಗೆ ಆ ವಾರ ತಂದದ್ದನ್ನು ಕೂಡಿಸು, ಮುಂದಿನ ಸೋಮವಾರ ಉಳಿದದ್ದನ್ನು ಕಳೆ, ವಾರದ ವ್ಯಾಪಾರದಿಂದ ಭಾಗಿಸು. ಪುಸ್ತಕದಲ್ಲಿ 38 ಇದ್ದು ಇಲ್ಲಿ 40 ಬಂದರೆ ಹುಡುಗರ ಊಟ, ಸ್ವಲ್ಪ ಚೆಲ್ಲಿದ್ದು ಅಂತ ಬಿಡಬಹುದು. 45 ಬಂದರೆ ಸೌಟು ದೊಡ್ಡದಾಗಿದೆ, ಇಲ್ಲಾ ಸಾಮಾನು ಕೊಳೆಯುತ್ತಿದೆ, ಇಲ್ಲಾ ಬಿಲ್ ಆಗದೆ ತಟ್ಟೆ ಹೋಗುತ್ತಿದೆ. ಅದನ್ನು ರೇಟು ಏರಿಸಿ ಸರಿ ಮಾಡಲು ಹೋಗಬೇಡಿ.

ಈಗ ಕಾಫಿಗೆ ಬರುತ್ತೇನೆ, ಗೋಪಿ ಸರ್ಕಲಿನವರು ಹೇಳಿದ್ದರಲ್ಲಿ ದೊಡ್ಡ ವಿಷಯ ಇದೆ. ಕೆಲವು ತಿಂಡಿಯ ಬೆಲೆ ಜನರ ತಲೆಯಲ್ಲಿ ಮೊದಲೇ ಕೂತಿರುತ್ತೆ. ಕಾಫಿ, ಇಡ್ಲಿ, ಊಟ. ದಿನಾ ಕೊಳ್ಳುತ್ತಾರೆ, ಹತ್ತು ಕಡೆ ಕೊಂಡಿರುತ್ತಾರೆ. ನಿಮ್ಮ ಹೋಟೆಲ್ ಅಗ್ಗವೋ ದುಬಾರಿಯೋ ಅಂತ ಅಳೆಯುವುದೇ ಅವುಗಳಿಂದ. ಕಡುಬು–ಕೋಳಿ ಎಷ್ಟಿರಬೇಕು ಅಂತ ಹಾಗೆ ತಲೆಯಲ್ಲಿ ಇರುವುದಿಲ್ಲ, ನೀವು ಏನು ಬರೆದಿದ್ದೀರೋ ಅದರ ಸುತ್ತ ನೋಡಿ ತೀರ್ಮಾನಿಸುತ್ತಾರೆ.

ಯಾವುದು ಯಾವ ಜಾತಿ ಅಂತ ತಿಳಿಯಲು ನಾನು ಮಾಡುವ ಒಂದು ಉಪಾಯ ಇದೆ. ತಿಂದು ಎದ್ದವರನ್ನು ಬಿಲ್ ಕೊಡುವ ಮೊದಲು ಕೇಳಿ, 'ಇದು ಎಷ್ಟಿರಬಹುದು ಅನ್ಸುತ್ತೆ?' ಅಂತ. ಹತ್ತು ಜನರನ್ನು ಕೇಳಿದರೆ ಸಾಕು. ಉತ್ತರ ಎಲ್ಲಾ ಹತ್ತಿರ ಹತ್ತಿರ ಬಂದರೆ ಆ ಬೆಲೆ ಮುಟ್ಟಬೇಡಿ. ದೂರ ದೂರ ಬಂದರೆ ಅಲ್ಲಿ ನಿಮಗೆ ಜಾಗ ಇದೆ.

ಸಾಗರ ಟ್ಯಾಕ್ಸ್ ಕೆಲಸ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನೀವು ಜಿಎಸ್‌ಟಿ ಕಾಂಪೊಸಿಷನ್‌ನಲ್ಲಿ ಇದ್ದೀರಾ? ಇದ್ದರೆ ಗಿರಾಕಿಯಿಂದ ತೆರಿಗೆ ಬೇರೆಯಾಗಿ ತೆಗೆದುಕೊಳ್ಳುವ ಹಾಗಿಲ್ಲ, ವ್ಯಾಪಾರದ 5 ಪರ್ಸೆಂಟ್ ನಿಮ್ಮ ಕೈಯಿಂದ ಕಟ್ಟಬೇಕು. ಅಂದರೆ 180ರಲ್ಲಿ 9 ರೂಪಾಯಿ ನಿಮ್ಮದಲ್ಲ. 76ನ್ನು 171ರಿಂದ ಭಾಗಿಸಬೇಕು, 44 ಪರ್ಸೆಂಟ್ ಆಗುತ್ತೆ. ಇಲ್ಲಿ ಎಲ್ಲರೂ ಹಾಕಿರುವ ಲೆಕ್ಕ ಉಳಿಯುವ ದುಡ್ಡನ್ನು ಸ್ವಲ್ಪ ಹೆಚ್ಚು ತೋರಿಸುತ್ತಿದೆ. ಸಾಮಾನು ತರುವಾಗ ಕೊಟ್ಟ ಜಿಎಸ್‌ಟಿಯೂ ವಾಪಸ್ ಬರುವುದಿಲ್ಲ, ಎಣ್ಣೆ, ಮಸಾಲೆ ಬಿಲ್ಲಿನ ಪೂರ್ತಿ ಮೊತ್ತ ಖರ್ಚಿಗೆ ಹಿಡಿಯಿರಿ.

ಆಗುಂಬೆ ರಸ್ತೆ ಹೋಟೆಲ್

ಹೌದು ಸರ್, ಕಾಂಪೊಸಿಷನ್. ಇದು ನಮ್ಮ ತಲೆಗೆ ಹೋಗಿರಲಿಲ್ಲ. ಸಾಮಾನು ಬಿಲ್ಲಿನ ಮೊತ್ತಕ್ಕೇ ಹಿಡಿದಿದ್ದೇವೆ, ಆದರೆ ಮಾರುವ ಬೆಲೆಯಲ್ಲಿ 5 ಪರ್ಸೆಂಟ್ ಕಳೆದಿಲ್ಲ.

ಭದ್ರಾವತಿ ಮೇಷ್ಟ್ರು

ಅಡುಗೆಮನೆ ಅಕ್ಕ ಹೇಳಿದ್ದಕ್ಕೆ ಮನಶ್ಶಾಸ್ತ್ರದಲ್ಲಿ ಆಧಾರ ಇದೆ. 1974ರಲ್ಲಿ ಟ್ವರ್ಸ್ಕಿ ಮತ್ತು ಕಾಹ್ನೆಮನ್ ಬರೆದದ್ದರಲ್ಲಿ ಒಂದು ಪ್ರಯೋಗ ಬರುತ್ತೆ. ಒಂದು ಚಕ್ರ ತಿರುಗಿಸಿ ಸಂಖ್ಯೆ ತೋರಿಸುತ್ತಾರೆ, ಆಮೇಲೆ ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳುತ್ತಾರೆ. ಚಕ್ರದಲ್ಲಿ 10 ನೋಡಿದವರ ಅಂದಾಜು 25ರ ಹತ್ತಿರ, 65 ನೋಡಿದವರದು 45ರ ಹತ್ತಿರ. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇಲ್ಲ, ಆದರೂ ಮೊದಲು ನೋಡಿದ ಸಂಖ್ಯೆ ಎಳೆಯುತ್ತೆ.

ಹಾಗಾಗಿ ನಿಮ್ಮ ಬೋರ್ಡಿನ ಮೇಲೆ ಮೊದಲ ಸಾಲಿಗೇ 900 ರೂಪಾಯಿಯ ಏನಾದರೂ ಹಾಕಿ. ಮಾರಾಟ ಆಗದಿದ್ದರೂ ಪರವಾಗಿಲ್ಲ. ಕೆಳಗಿನ 250 ಅಗ್ಗ ಅನ್ಸುತ್ತೆ.

ಗೋಪಿ ಸರ್ಕಲ್ ಗಿರಾಕಿ

ಮೇಷ್ಟ್ರೇ, 900 ಅಂತ ನೋಡಿದರೆ ನಾನು ಗಾಡಿಯಿಂದಲೇ ಇಳಿಯಲ್ಲ.

ಬಿ.ಎಚ್. ರಸ್ತೆ ಅಡುಗೆಮನೆ

ಮೇಷ್ಟ್ರು ಹೇಳಿದ್ದು ಅರ್ಧ ಸರಿ. ದೊಡ್ಡ ಬೆಲೆಯದ್ದೊಂದು ಪಕ್ಕದಲ್ಲಿದ್ದರೆ ಉಳಿದದ್ದು ಹಗುರ ಕಾಣುವುದು ನಿಜ, ನಮ್ಮ ಮೆಸ್‌ನಲ್ಲೇ ನೋಡಿದ್ದೇನೆ. ಆದರೆ ಪ್ರಯೋಗದಲ್ಲಿ ಕೂತವರಿಗೆ ಎದ್ದು ಪಕ್ಕದ ಹೋಟೆಲ್‌ಗೆ ಹೋಗುವ ದಾರಿ ಇರಲಿಲ್ಲ. ರಸ್ತೆಯಲ್ಲಿ ಇರುತ್ತೆ. ಮಾರಾಟ ಆಗದ ಅಡುಗೆ ಬೋರ್ಡಿನಲ್ಲಿದ್ದರೆ ಇನ್ನೊಂದು ತೊಂದರೆ. ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ, 'ಇವತ್ತು ಇಲ್ಲ' ಅಂತ ಎರಡು ಸಲ ಹೇಳಿದರೆ ನಂಬಿಕೆ ಹೋಯ್ತು. ಸಾಮಾನು ತಂದಿಟ್ಟುಕೊಂಡರೆ ಹಾಳಾಗುತ್ತೆ.

ನಿಮ್ಮ ಅಡುಗೆಮನೆಯಲ್ಲಿ ದಿನಾ ಇರುವುದರಿಂದಲೇ ಒಂದು ದೊಡ್ಡ ತಾಟು ಕಟ್ಟಿ. ಕಡುಬು, ಕೋಳಿ ಸಾರು, ಒಂದು ಅಕ್ಕಿ ರೊಟ್ಟಿ, ಸ್ವಲ್ಪ ಕೋಳಿ ಸುಕ್ಕ, ಒಂದು ಮೀನು ಫ್ರೈ, ಪಾಯಸ. ಅದು ಕಡುಬು–ಕೋಳಿಯ ಎರಡರಷ್ಟರ ಒಳಗೆ ಇರಲಿ, ಅದಕ್ಕಿಂತ ದೂರ ಹೋದರೆ ಹೋಲಿಕೆಯೇ ಹುಟ್ಟುವುದಿಲ್ಲ ಅನ್ನುವುದು ನನ್ನ ಅನುಭವ. ತಿಂದವರಿಗೆ ಕೊಟ್ಟ ದುಡ್ಡಿಗೆ ಸರಿಯಾಯ್ತು ಅನ್ನಿಸಬೇಕು.

ಗೋಪಿ ಸರ್ಕಲಿನವರ ಮಾತಿಗೂ ಉತ್ತರ ಇದೆ. ರಸ್ತೆಗೆ ಕಾಣುವ ಬೋರ್ಡಿನಲ್ಲಿ ಕಾಫಿ, ನೀರುದೋಸೆ, ಊಟ ಮಾತ್ರ ಬರೆಸಿ. ಒಳಗೆ ಬರುವ ಧೈರ್ಯ ಕೊಡುವುದು ಅವು. ತಾಟು ಒಳಗಿನ ಟೇಬಲ್ ಕಾರ್ಡಿನಲ್ಲಿ ಮೊದಲ ಸಾಲಿಗೆ ಇರಲಿ, ಅದರ ಕೆಳಗೇ ಕಡುಬು–ಕೋಳಿ.

ಆಗುಂಬೆ ರಸ್ತೆ ಹೋಟೆಲ್

ಅಕ್ಕ ಹೇಳಿದ ಹಾಗೆ ಹತ್ತು ಜನರನ್ನು ಕೇಳಿದೆ. ಕಾಫಿಗೆ ಒಂಬತ್ತು ಜನ 15 ಅಥವಾ 20 ಅಂದರು. ಊಟಕ್ಕೆ 90ರಿಂದ 110. ಕಡುಬು–ಕೋಳಿಗೆ ಒಬ್ಬರು 150, ಒಬ್ಬರು 280, ಉಳಿದವರು ಮಧ್ಯೆ ಎಲ್ಲೆಲ್ಲೋ. ನೀವು ಹೇಳಿದ್ದು ಕಣ್ಣಿಗೆ ಕಾಣಿಸಿತು.

ಇನ್ನೊಂದು ವಿಷಯ ಈಗ ಹೊಳೆಯಿತು. ಹತ್ತೂವರೆಗೆ ಐದಾರು ಆಟೋದವರು ಒಟ್ಟಿಗೆ ಬಂದು ಕಾಫಿ ಕುಡಿಯುತ್ತಿದ್ದರು. ಲೋಟ ಕೈಯಲ್ಲಿ ಹಿಡಿದು ಹೊರಗೆ ಕಟ್ಟೆ ಮೇಲೆ ಕೂರುತ್ತಿದ್ದರು. ಬೋರ್ಡ್ ಬದಲಾದ ಎರಡನೇ ವಾರ ಅವರು ನಿಂತುಹೋದರು, ಯಾರೂ ಏನೂ ಅನ್ನಲಿಲ್ಲ. 'ಇಲ್ಲಿ ಊಟ ಎಲ್ಲಿ ಚೆನ್ನಾಗಿದೆ' ಅಂತ ಕೇಳುವ ಪ್ರಯಾಣಿಕರನ್ನು ನಮ್ಮಲ್ಲಿಗೆ ಕರೆತರುತ್ತಿದ್ದವರೂ ಅವರೇ. ಕಾಫಿಯಲ್ಲಿ 8 ರೂಪಾಯಿ ಉಳಿಯುತ್ತೆ ಅಂತ ಲೆಕ್ಕ ಹಾಕಿದ್ದೆವು, ಅದರ ಹಿಂದೆ ಬರುತ್ತಿದ್ದ ಊಟ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೊಸನಗರ ಹೋಮ್‌ಸ್ಟೇ

ಈಗ ಅರ್ಥ ಆಯ್ತು, ನನ್ನ ಸಲಹೆ ನಿಮಗೆ ಹೊಂದುವುದಿಲ್ಲ. ಆದರೆ ಎರಡನೇ ಸಲದ ಸಾರಿಗೆ ದುಡ್ಡು ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. 30 ಪ್ಲೇಟಿಗೆ 7 ರೂಪಾಯಿ ಅಂದರೆ ದಿನಕ್ಕೆ 210.

ಬಿ.ಎಚ್. ರಸ್ತೆ ಅಡುಗೆಮನೆ

ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಮಲೆನಾಡಿನಲ್ಲಿ ಕಡುಬಿಗೆ ಸಾರು ಕೇಳಿದಾಗ ಬಿಲ್ ತೋರಿಸಿದರೆ ಅದೊಂದೇ ಮಾತು ಊರೆಲ್ಲಾ ಹೋಗುತ್ತೆ. ಬೇಕಾದರೆ ಆ 7 ರೂಪಾಯಿ ಪ್ಲೇಟಿನ ಬೆಲೆಯಲ್ಲೇ ಇರಲಿ.

ಹೊಸನಗರ ಹೋಮ್‌ಸ್ಟೇ

ಕಮ್ಮಿ ತಿನ್ನುವವರು ಜಾಸ್ತಿ ತಿನ್ನುವವರ ದುಡ್ಡು ಯಾಕೆ ಕೊಡಬೇಕು? ನನಗೆ ಅದು ಒಪ್ಪಿಗೆ ಆಗಲ್ಲ. ಇರಲಿ, ನಿಮ್ಮ ನಿಮ್ಮ ಊರಿನ ರೂಢಿ.

ಆಗುಂಬೆ ರಸ್ತೆ ಹೋಟೆಲ್

ಐದು ವಾರ ಆಯ್ತು, ಏನಾಯ್ತು ಅಂತ ಹೇಳುತ್ತೇನೆ. ಕಾಫಿ ವಾಪಸ್ 15. ನೀರುದೋಸೆ ವಾಪಸ್ 50. ಊಟ 110. ಕಡುಬು–ಕೋಳಿ 195. ಹಬ್ಬದ ತಾಟು ಅಂತ ಹೊಸದು, 380. ತಾಟಿಗೆ ಸಾಮಾನು 155 ಬೀಳುತ್ತೆ, ಪರ್ಸೆಂಟ್ ನೋಡಿದರೆ 41, ಆದರೆ ಒಂದು ತಾಟಿಗೆ 225 ಉಳಿಯುತ್ತೆ.

ಕಾಫಿ 105ಕ್ಕೆ ಬಂದಿದೆ, ಹಳೇ 120 ಇನ್ನೂ ಆಗಿಲ್ಲ. ದೋಸೆ 50, ಊಟ 38, ಕಡುಬು–ಕೋಳಿ 27. ತಾಟು ವಾರದ ದಿನ ಒಂದೋ ಎರಡೋ, ಭಾನುವಾರ 9ರವರೆಗೂ ಹೋಗಿದೆ, ಸರಾಸರಿ ದಿನಕ್ಕೆ 3 ಅಂತ ಹಿಡಿದಿದ್ದೇವೆ. ಎಲ್ಲಾ ಸೇರಿ ಉಳಿದದ್ದು ದಿನಕ್ಕೆ ಸುಮಾರು 9,400, ಫುಡ್ ಕಾಸ್ಟ್ 36ರ ಹತ್ತಿರ. ತೆರಿಗೆಯ 5 ಪರ್ಸೆಂಟ್ ಇದರಲ್ಲಿ ಕಳೆದಿಲ್ಲ, ಹಳೇ ಲೆಕ್ಕದ ಜೊತೆ ಹೋಲಿಸಲು ಹಾಗೇ ಇಟ್ಟಿದ್ದೇವೆ. ಸೋಮವಾರದ ಸಾಮಾನು ಲೆಕ್ಕದಲ್ಲಿ 39 ಬಂತು. ತೆಂಗಿನಕಾಯಿ ಪುಸ್ತಕಕ್ಕಿಂತ ಜಾಸ್ತಿ ಹೋಗುತ್ತಿದೆ, ಯಾಕೆ ಅಂತ ನೋಡುತ್ತಿದ್ದೇವೆ.

ಒಂದು ನೋಡಿದ್ದು ಹೇಳಬೇಕು. ಭಾನುವಾರ ಒಂದು ಕುಟುಂಬ ಕಾರ್ಡ್ ಹಿಡಿದು ಕೂತಿತ್ತು. ಯಜಮಾನರ ಬೆರಳು ಮೊದಲು ತಾಟಿನ ಮೇಲೆ ನಿಂತಿತು, ಆಮೇಲೆ ಒಂದು ಸಾಲು ಕೆಳಗಿಳಿಯಿತು. 'ನಾಲ್ಕು ಕಡುಬು–ಕೋಳಿ ಹೇಳೋಣ, ಒಂದು ತಾಟು ತಗೊಂಡು ಹಂಚಿಕೊಳ್ಳೋಣ' ಅಂದರು. 195 ಜಾಸ್ತಿ ಅನ್ನುವ ಮಾತೇ ಬರಲಿಲ್ಲ. ನಮ್ಮೂರಿನವರು ಮಾತ್ರ ಕಾರ್ಡ್ ನೋಡುವುದೇ ಇಲ್ಲ, 'ಕಡುಬಿಗೆ 15 ಏರಿಸಿದ್ದೀರಲ್ಲ' ಅಂತ ನೇರವಾಗಿ ಕೇಳುತ್ತಾರೆ. ಅವರಿಗೆ ಹಳೇ 180 ನೆನಪಿದೆ.

ಲೆಕ್ಕ ಹಾಕಿದ ಅಳಿಯ

ಮಾವ, ಮೊದಲಿಗಿಂತ ದಿನಕ್ಕೆ 590 ಜಾಸ್ತಿ. ತಾಟು ಕೆಲಸ ಮಾಡಿದೆ.

ಬಿ.ಎಚ್. ರಸ್ತೆ ಅಡುಗೆಮನೆ

ಅಷ್ಟು ಬೇಗ ಹೇಳಬೇಡಪ್ಪ. ಮಳೆ ಹಿಡಿದಿದೆ, ಆಗುಂಬೆಗೆ ಬರುವ ಕಾರು ಹೆಚ್ಚಾಗಿರುತ್ತೆ. ತಾಟು ಹೋಗುತ್ತಿರುವುದು ಅದಕ್ಕೋ, ಕಾರ್ಡಿಗೋ ಗೊತ್ತಾಗಲ್ಲ. ವಾರದ ದಿನದ್ದು ಬೇರೆ, ಶನಿವಾರ ಭಾನುವಾರದ್ದು ಬೇರೆ ಬರೆದಿಡಿ. ದಸರಾ ಕಳೆದ ಮೇಲೆ ಬರುವ ಮಂಗಳವಾರ, ಬುಧವಾರದಲ್ಲಿ ಕಡುಬು–ಕೋಳಿ ಎಷ್ಟು ಹೋಗುತ್ತೆ ನೋಡಿ. ಊರಿನವರು 195ಕ್ಕೆ ಒಗ್ಗಿದರೋ ಇಲ್ಲವೋ ಅಲ್ಲಿ ಕಾಣುತ್ತೆ. ಆಟೋದವರು ವಾಪಸ್ ಬಂದರಾ?

ಆಗುಂಬೆ ರಸ್ತೆ ಹೋಟೆಲ್

ಮೂರು ಜನ ಬರುತ್ತಿದ್ದಾರೆ ಅಕ್ಕ. ಉಳಿದವರಿಗೆ ಬಸ್ ಸ್ಟ್ಯಾಂಡ್ ಹತ್ತಿರದ ಗೂಡಂಗಡಿ ಅಭ್ಯಾಸ ಆಗಿದೆಯಂತೆ. ನಾಳೆ ನಾನೇ ಹೋಗಿ ಕರೆಯುತ್ತೇನೆ.